590 ರೂಪಾಯಿಯ ಬಾಕಿಗೆ ನಿಂತುಹೋದ ಮನೆ ಸಾಲ

ತುಮಕೂರಿನ ಒಬ್ಬ ಶಾಲಾ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ತಿಂಗಳಿಗೆ 60 ಸಾವಿರ ಸಂಬಳ, ಬ್ಯಾಂಕಿನಲ್ಲಿ ಎಂಟು ಲಕ್ಷದ ಠೇವಣಿ, ಅಂಗಡಿಯವನಿಗೂ ಬಾಕಿ ಉಳಿಸಿಕೊಳ್ಳದ ಸ್ವಭಾವ. ಮನೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು, ‘ಮೇಡಂ, ನಿಮ್ಮ ಸಿಬಿಲ್ ತುಂಬಾ ಕಡಿಮೆ ಇದೆ, ಆಗಲ್ಲ’ ಎನ್ನುತ್ತಾರೆ. ಅವರಿಗೆ ಅವಮಾನವಾಗುತ್ತದೆ. ನಾನು ಯಾರಿಗೆ ಮೋಸ ಮಾಡಿದ್ದೇನೆ ಎಂಬ ಪ್ರಶ್ನೆ ಕಾಡುತ್ತದೆ.

ಸಿಬಿಲ್ ಎಂದು ನಾವೆಲ್ಲ ಕರೆಯುವುದು ಕ್ರೆಡಿಟ್ ಸ್ಕೋರನ್ನು. ಇದು 300ರಿಂದ 900ರವರೆಗಿನ ಒಂದು ಅಂಕ. ಸಾಮಾನ್ಯವಾಗಿ 750ರ ಮೇಲಿದ್ದರೆ ಬ್ಯಾಂಕುಗಳು ಒಳ್ಳೆಯದು ಎನ್ನುತ್ತವೆ. ಈ ಅಂಕವನ್ನು ಕೊಡಲು ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ನಾಲ್ಕು ಸಂಸ್ಥೆಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ನಿಮಗೆ ಸಾಲ ಅಥವಾ ಕಾರ್ಡು ಕೊಟ್ಟ ಪ್ರತಿ ಬ್ಯಾಂಕು, ಫೈನಾನ್ಸ್ ಕಂಪನಿ ಇವುಗಳಿಗೆ ನಿಮ್ಮ ಲೆಕ್ಕ ಕಳಿಸುತ್ತಲೇ ಇರುತ್ತದೆ. ಎಷ್ಟು ಸಾಲ, ಎಷ್ಟು ಬಾಕಿ, ಯಾವ ಕಂತು ಎಷ್ಟು ದಿನ ತಡವಾಯಿತು, ಇಷ್ಟೇ ಆ ಲೆಕ್ಕ. ನಿಮ್ಮ ಸಂಬಳ, ಠೇವಣಿ, ಜಮೀನು, ಚಿನ್ನ ಯಾವುದೂ ಈ ಅಂಕಕ್ಕೆ ಸೇರುವುದಿಲ್ಲ. ಹಾಗಾಗಿ ಶಿಕ್ಷಕಿಯ ಎಂಟು ಲಕ್ಷ ಇಲ್ಲಿ ಅವರ ನೆರವಿಗೆ ಬರಲಿಲ್ಲ.

ಅವರು ವರದಿ ತೆಗೆಸಿ ನೋಡಿದರೆ ಮರೆತೇಹೋಗಿದ್ದ ಒಂದು ಕ್ರೆಡಿಟ್ ಕಾರ್ಡು ಕಾಣುತ್ತದೆ. ಯಾವುದೋ ಮಾಲ್‌ನಲ್ಲಿ ‘ಮೊದಲ ವರ್ಷ ಫ್ರೀ’ ಎಂದು ಕೊಟ್ಟದ್ದು, ಒಮ್ಮೆ ಬಳಸಿ ಬೀರುವಿಗೆ ಹಾಕಿದ್ದು. ಎರಡನೇ ವರ್ಷ 500 ರೂಪಾಯಿ ವಾರ್ಷಿಕ ಶುಲ್ಕ, ಅದಕ್ಕೆ ಶೇ 18 ಜಿಎಸ್‌ಟಿ ಸೇರಿ 590 ರೂಪಾಯಿ ಬಿಲ್ಲು ಬಂದಿದೆ. ಬಿಲ್ಲು ಹೋದದ್ದು ಅವರು ಬಿಟ್ಟುಬಿಟ್ಟ ಹಳೇ ಮೊಬೈಲ್ ನಂಬರಿಗೆ. ಆಮೇಲೆ ತಡ ಶುಲ್ಕ, ಬಡ್ಡಿ, ಅದರ ಮೇಲೆ ಮತ್ತೆ ತೆರಿಗೆ ಸೇರುತ್ತಾ ಬಾಕಿ ಸಾವಿರಗಳಿಗೆ ಏರಿದೆ. ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು ಗ್ರಾಹಕರಿಗೆ ತಿಳಿಸಿ ಮುಚ್ಚುವ ನಿಯಮ ಇದೆ, ಆದರೆ ಬಾಕಿ ಇದ್ದರೆ ಅದು ತೀರುವ ತನಕ ಖಾತೆ ಮುಚ್ಚುವುದಿಲ್ಲ. ಆ 590 ರೂಪಾಯಿಯೇ ಕಾರ್ಡನ್ನು ಜೀವಂತ ಇಟ್ಟಿತ್ತು.

ವರದಿಯಲ್ಲಿ ಪ್ರತಿ ಸಾಲದ ಕೆಳಗೆ ತಿಂಗಳ ಲೆಕ್ಕದ ಪುಟ್ಟ ಚೌಕಗಳಿರುತ್ತವೆ, ಸಾಮಾನ್ಯವಾಗಿ ಹಿಂದಿನ 36 ತಿಂಗಳಿನವು. ‘000’ ಎಂದಿದ್ದರೆ ಆ ತಿಂಗಳು ತಡವಿಲ್ಲ. ‘030’ ಎಂದರೆ ಮೂವತ್ತು ದಿನ ತಡ. ಶಿಕ್ಷಕಿಯ ಕಾರ್ಡಿನ ಕೆಳಗೆ 030, 060, 090 ಎಂದು ಅಂಕಿ ಏರುತ್ತಾ ಹೋಗಿದೆ. ಸ್ಕೋರನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಈ ಚೌಕಗಳೇ. ಬಾಕಿ ಚಿಕ್ಕದು ಎಂಬ ಕಾರಣಕ್ಕೆ ‘090’ ಎಂಬುದು ‘000’ ಆಗಿಬಿಡುವುದಿಲ್ಲ. ತಡ ಇತ್ತೀಚಿನದಾದಷ್ಟೂ ಪೆಟ್ಟು ಜೋರು, ಹಳೆಯದಾದಷ್ಟೂ ಕಡಿಮೆ.

ಈ ಹಂತದಲ್ಲಿ ಒಂದು ಫೋನ್ ಬರುತ್ತದೆ. ‘ಮೇಡಂ, ನಿಮ್ಮ ಬಾಕಿ 6,000 ಆಗಿದೆ. 3,000 ಕಟ್ಟಿಬಿಡಿ, ಸೆಟಲ್‌ಮೆಂಟ್ ಮಾಡಿ ಮುಗಿಸೋಣ.’ ಕೇಳಲು ಹಿತವಾಗಿರುತ್ತದೆ, ಆದರೆ ಒಪ್ಪಬೇಡಿ. ಅರ್ಧ ಕಟ್ಟಿದರೆ ಖಾತೆಯ ಮುಂದೆ ‘ಸೆಟಲ್ಡ್’ ಎಂದು ಬರುತ್ತದೆ. ಪೂರ್ತಿ ಕೊಡದೆ ರಾಜಿ ಮಾಡಿಕೊಂಡವರು ಎಂದು ಮುಂದಿನ ಬ್ಯಾಂಕು ಅದನ್ನು ಓದುತ್ತದೆ. ಉಳಿಸಿದ್ದು 3,000, ಕಳೆದುಕೊಂಡದ್ದು ಮನೆ ಸಾಲ. ನ್ಯಾಯವಲ್ಲದ ಶುಲ್ಕವಿದ್ದರೆ ಮನ್ನಾ ಮಾಡಿ ಎಂದು ಬರವಣಿಗೆಯಲ್ಲಿ ಕೇಳಿ, ಉಳಿದದ್ದನ್ನು ಪೂರ್ತಿ ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ಪಡೆಯಿರಿ, ಖಾತೆ ‘ಕ್ಲೋಸ್ಡ್’ ಎಂದು ವರದಿಯಾಗುವಂತೆ ನೋಡಿಕೊಳ್ಳಿ. ಈಗಾಗಲೇ ‘ಸೆಟಲ್ಡ್’ ಆಗಿದ್ದರೂ ಬಿಟ್ಟುಹೋದ ಮೊತ್ತ ಕಟ್ಟಿ ಅದನ್ನು ಬದಲಿಸಿಕೊಡಿ ಎಂದು ಬ್ಯಾಂಕನ್ನು ಕೇಳಬಹುದು.

ಶಿಕ್ಷಕಿ ನಿತ್ಯ ಬಳಸುವ ಇನ್ನೊಂದು ಕಾರ್ಡೂ ಸ್ಕೋರನ್ನು ಕೆಳಗೆ ಎಳೆಯುತ್ತಿತ್ತು, ಅದೂ ಒಂದು ದಿನವೂ ತಡ ಮಾಡದೆ. ಅದರ ಮಿತಿ 50,000. ಮನೆ ಖರ್ಚು, ಮಗಳ ಫೀಸು ಎಲ್ಲ ಸೇರಿ ತಿಂಗಳಿಗೆ 42,000 ಆಗುತ್ತದೆ. 16ನೇ ತಾರೀಖು ಬಿಲ್ಲು ಬರುತ್ತದೆ, ಮುಂದಿನ 5ಕ್ಕೆ ಪೂರ್ತಿ ಕಟ್ಟುತ್ತಾರೆ. ಆದರೆ ಬ್ಯಾಂಕು ಲೆಕ್ಕ ಕಳಿಸುವ ದಿನ ಎಷ್ಟು ಬಾಕಿ ಇತ್ತೋ ಅದೇ ವರದಿಗೆ ಹೋಗುವುದು, ಸಾಮಾನ್ಯವಾಗಿ ಬಿಲ್ಲಿನ ಮೊತ್ತ. ಅಂದರೆ ಮಿತಿಯ ಶೇ 84ರಷ್ಟು ಸಾಲದಲ್ಲಿರುವವರು ಎಂದು ದಾಖಲಾಗುತ್ತದೆ. ಹಣದ ಮುಗ್ಗಟ್ಟಿನಲ್ಲಿರುವವರ ಲೆಕ್ಕವೂ ಹೀಗೇ ಕಾಣುವುದರಿಂದ ಸ್ಕೋರು ಇಳಿಯುತ್ತದೆ. ಶೇ 30ರ ಒಳಗಿದ್ದರೆ ಒಳ್ಳೆಯದು ಎಂಬುದು ಈ ಕ್ಷೇತ್ರದವರ ಸಾಮಾನ್ಯ ಲೆಕ್ಕ. ಖರ್ಚು ಕಡಿಮೆ ಮಾಡದೆಯೂ ಇದನ್ನು ಸರಿಪಡಿಸಬಹುದು. ಬಿಲ್ಲಿಗೆ ಮುಂಚೆಯೇ, 14ನೇ ತಾರೀಖು, 30,000 ಕಟ್ಟಿಬಿಟ್ಟರೆ ಬಿಲ್ಲು 12,000ಕ್ಕೆ ಬರುತ್ತದೆ. ಅದು ಶೇ 24. ತಡದ ಗುರುತು ಅಳಿಯಲು ವರ್ಷಗಳು ಬೇಕು, ಆದರೆ ಇದು ಒಂದೆರಡು ತಿಂಗಳಲ್ಲೇ ಸುಧಾರಿಸುತ್ತದೆ. ಹಾಗೆಂದು ‘ಕನಿಷ್ಠ ಮೊತ್ತ’ ಮಾತ್ರ ಕಟ್ಟಬೇಡಿ. ತಡದ ಗುರುತು ಬೀಳದು ನಿಜ, ಆದರೆ ಉಳಿದ ಬಾಕಿ ಹಾಗೇ ನಿಲ್ಲುತ್ತದೆ, ಅದರ ಮೇಲೆ ತಿಂಗಳಿಗೆ ಸುಮಾರು ಶೇ 3ರಿಂದ 4ರ ಬಡ್ಡಿ ಓಡುತ್ತದೆ.

ನಮ್ಮ ಊರುಗಳಲ್ಲಿ ಇನ್ನೊಂದು ಅಭ್ಯಾಸವಿದೆ, ಭಾವನಿಗೋ ಸ್ನೇಹಿತನಿಗೋ ಬೇಡ ಅನ್ನಲಾರದೆ ಜಾಮೀನು ಸಹಿ ಹಾಕುವುದು. ಆ ಸಾಲ ನಿಮ್ಮ ವರದಿಯಲ್ಲೂ ಕಾಣುತ್ತದೆ. ಅವರು ಕಂತು ತಪ್ಪಿಸಿದರೆ ಆ ಕಳಂಕ ನಿಮಗೂ ತಟ್ಟುತ್ತದೆ. ಸಹಿ ಹಾಕಿದ ಮೇಲೆ ಆ ಸಾಲದ ಕಂತು ಸರಿಯಾಗಿ ಹೋಗುತ್ತಿದೆಯೇ ಎಂದು ಆಗಾಗ ವಿಚಾರಿಸುವುದು ಅನುಮಾನವಲ್ಲ, ನಿಮ್ಮ ಹಕ್ಕು.

ಸಾಲ ಸಿಗದ ಗಾಬರಿಯಲ್ಲಿ ಏಜೆಂಟರ ಮಾತು ಕೇಳಿ ಒಂದೇ ವಾರ ಐದು ಬ್ಯಾಂಕುಗಳಿಗೆ ಅರ್ಜಿ ಹಾಕಿಸಿದರೂ ನಷ್ಟವೇ. ಪ್ರತಿ ಬ್ಯಾಂಕಿನ ವಿಚಾರಣೆಯೂ ದಾಖಲಾಗಿ ಸ್ಕೋರು ಅಷ್ಟಿಷ್ಟು ಇಳಿಯುತ್ತದೆ. ನಿಮ್ಮ ಸ್ಕೋರನ್ನು ನೀವೇ ನೋಡಿಕೊಂಡರೆ ಇಳಿಯುವುದಿಲ್ಲ. ‘ದುಡ್ಡು ಕೊಡಿ, ಸಿಬಿಲ್ ಏರಿಸಿಕೊಡುತ್ತೇವೆ’ ಎನ್ನುವವರನ್ನು ನಂಬಬೇಡಿ. ನಿಜವಾದ ದಾಖಲೆಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ, ಸುಳ್ಳು ದಾಖಲೆ ತಿದ್ದಿಸಲು ಅವರು ಬೇಕಿಲ್ಲ.

ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಮನೆ ಸಾಲದ ಯೋಚನೆಯಿದ್ದರೆ ಅರ್ಜಿಗೆ ಕನಿಷ್ಠ ಆರು ತಿಂಗಳ ಮುಂಚೆ ಅವರ ಜಾಲತಾಣದಿಂದ ಅದನ್ನು ತೆಗೆದು ಓದಿ. ನಿಮ್ಮದಲ್ಲದ ಸಾಲ, ತೀರಿಸಿಯೂ ತೆರೆದೇ ಇರುವ ಖಾತೆ, ತಪ್ಪಾಗಿ ಬಿದ್ದ ತಡದ ಗುರುತು ಕಂಡರೆ ಅಲ್ಲೇ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ, ಅಲ್ಲಿಂದ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.