ಒಂದೇ ಪ್ರಶ್ನೆ, ಮೂರು ಲೆಕ್ಕ

ಕೋಲಾರ ಜಿಲ್ಲೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳು. ಅಲ್ಲಿ ಸಮೀಕ್ಷೆಗೆ ಹೊರಟವರಿಗೆ ‘ನಿಮ್ಮ ಕುಟುಂಬದಲ್ಲಿ ಎಷ್ಟು ಜನ?’ ಎಂಬ ಪ್ರಶ್ನೆ ಬಹಳ ಸಲೀಸೆನಿಸುತ್ತದೆ. ‘ಕುಟುಂಬ’ ಮೂರೂ ಭಾಷೆಗಳಲ್ಲಿದೆಯಲ್ಲ! ಆದರೆ ಬೆಂಗಳೂರಿನಲ್ಲಿ ದುಡಿಯುವ ಮಗನನ್ನು ಒಬ್ಬರು ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಸಮೀಕ್ಷೆಗೆ ಬೇಕಿರುವುದು ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಲ್ಲಿ ಉಣ್ಣುವವರ ಲೆಕ್ಕ. ಜನಗಣತಿಯೂ ಹಾಗೇ ಎಣಿಸುತ್ತದೆ.

ಅನುವಾದವನ್ನು ಮೂಲಭಾಷೆಗೆ ಮರಳಿ ತಂದು ನೋಡಿದರೆ ಈ ದೋಷ ಸಿಗುವುದಿಲ್ಲ. ಕುಟುಂಬ ಕುಟುಂಬವಾಗಿಯೇ ಹಿಂತಿರುಗುತ್ತದೆ. ಹಾಗಾಗಿ ಕ್ಷೇತ್ರಕ್ಕೆ ಇಳಿಯುವ ಮೊದಲೇ ಪ್ರತಿ ಭಾಷೆಯ ಕೆಲವರನ್ನು ಕೂರಿಸಿಕೊಂಡು, ಉತ್ತರ ಬಂದ ಮೇಲೆ ‘ಯಾರ್ಯಾರನ್ನು ಎಣಿಸಿದಿರಿ?’ ಎಂದು ಕೇಳಬೇಕು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಉತ್ತರಗಳಲ್ಲಿನ ವ್ಯತ್ಯಾಸ ಪ್ರಶ್ನೆಯದೋ, ಮನೆಗಳದೋ? ಅದಕ್ಕೆ ಎಲ್ಲರ ಮುಂದೂ ಒಂದೇ ಕಲ್ಪಿತ ಮನೆ ಇಡುವುದು ನನಗೆ ಮೆಚ್ಚಿನ ಉಪಾಯ: ಗಂಡ, ಹೆಂಡತಿ, ಅತ್ತೆ, ಹಾಸ್ಟೆಲಿನಲ್ಲಿರುವ ಮಗಳು, ಪಕ್ಕದಲ್ಲೇ ಬೇರೆ ಒಲೆ ಹೂಡಿದ ಮೈದುನ. ಇಲ್ಲಿ ಬರಬೇಕಾದ ಉತ್ತರ ಮೂರು. ತಮಿಳಿನವರು ನಾಲ್ಕು, ತೆಲುಗಿನವರು ಐದು ಎಂದರೆ ಮೂಲ ಕನ್ನಡ ಪ್ರಶ್ನೆಯನ್ನೂ ತಿದ್ದಬೇಕು: ‘ಈ ಮನೆಯಲ್ಲೇ ಇದ್ದು, ಒಂದೇ ಒಲೆಯ ಅಡುಗೆ ಉಣ್ಣುವವರು ಎಷ್ಟು ಜನ?’ ತಿದ್ದಿದ ಪ್ರಶ್ನೆಯನ್ನು ಹೊಸಬರ ಮುಂದಿಟ್ಟು ಮತ್ತೆ ಪರೀಕ್ಷಿಸಿದ ಮೇಲಷ್ಟೇ ನಮೂನೆ ಅಚ್ಚಿಗೆ ಹೋಗಲಿ.