ಅರ್ಧ ಒಳಗೆ, ಅರ್ಧ ಹೊರಗೆ

ಕಾರಿನ ಹೆಡ್‌ಲೈಟ್ ಹೊತ್ತಿಸಿಟ್ಟು ಎಂಜಿನ್ ಸ್ಟಾರ್ಟ್ ಮಾಡಿದರೆ ಬೆಳಕು ಒಂದು ಕ್ಷಣ ಮಂಕಾಗುತ್ತದೆ. ಸ್ಟಾರ್ಟರ್ ಮೋಟಾರು ಎಳೆಯುವ ನೂರಾರು ಆಂಪಿಯರ್ ಕರೆಂಟು ಬ್ಯಾಟರಿಯ ಒಡಲಿನಿಂದಲೇ ಹಾದು ಬರಬೇಕು. ಆ ಒಡಲಿಗೂ ಸ್ವಲ್ಪ ರೋಧ ಇದೆ. ಹೀಗಾಗಿ ವೋಲ್ಟೇಜಿನ ಒಂದು ಪಾಲು ಒಳಗೇ ಖರ್ಚಾಗಿ, ಮಿಕ್ಕದ್ದು ಮಾತ್ರ ಹೊರಗಿನ ತಂತಿಗೆ ಸಿಗುತ್ತದೆ. ಬ್ಯಾಟರಿಯೇ ಆಗಲಿ, ಡೈನಮೊ ಆಗಲಿ, ಆಂಟೆನಾ ಆಗಲಿ, ಒಳರೋಧ ಇಲ್ಲದ ವಿದ್ಯುತ್ ಮೂಲ ಎಲ್ಲೂ ಇಲ್ಲ. ಹಾಗಾದರೆ ಅಂಥ ಮೂಲದಿಂದ ಅತಿ ಹೆಚ್ಚು ಶಕ್ತಿ ಪಡೆಯಲು ಎಂಥ ಲೋಡು ಜೋಡಿಸಬೇಕು?

ಲೆಕ್ಕಕ್ಕೆ ಸುಲಭವಾಗಲೆಂದು 10 ವೋಲ್ಟಿನ, 5 ಓಮ್ ಒಳರೋಧದ ಒಂದು ಮೂಲವನ್ನು ತೆಗೆದುಕೊಳ್ಳೋಣ. ಅದಕ್ಕೆ 2 ಓಮ್ ಲೋಡು ಹಾಕಿದರೆ ಒಟ್ಟು ರೋಧ 7 ಓಮ್, ಕರೆಂಟು ಸುಮಾರು 1.43 ಆಂಪಿಯರ್, ಲೋಡಿಗೆ ಸಿಗುವುದು 4.1 ವ್ಯಾಟ್. ಲೋಡು 20 ಓಮ್ ಆದರೆ ಕರೆಂಟು 0.4 ಆಂಪಿಯರಿಗೆ ಇಳಿದು 3.2 ವ್ಯಾಟ್ ಸಿಗುತ್ತದೆ. ನಡುವೆ, ಸರಿಯಾಗಿ 5 ಓಮ್ ಹಾಕಿದಾಗ, 1 ಆಂಪಿಯರ್ ಹರಿದು 5 ವ್ಯಾಟ್ ಬರುತ್ತದೆ. ಈ ಮೂಲದಿಂದ ಇದಕ್ಕಿಂತ ಹೆಚ್ಚು ಪಡೆಯಲಾಗದು. ರೋಧ ತೀರಾ ಕಡಿಮೆಯಾದರೆ ಕರೆಂಟು ಹೆಚ್ಚುತ್ತದೆ, ಆದರೆ ಲೋಡಿನ ಪಾಲಿಗೆ ವೋಲ್ಟೇಜು ಉಳಿಯುವುದಿಲ್ಲ. ರೋಧ ತೀರಾ ಹೆಚ್ಚಾದರೆ ವೋಲ್ಟೇಜು ಉಳಿಯುತ್ತದೆ, ಕರೆಂಟು ಇರುವುದಿಲ್ಲ. ಎರಡರ ಗುಣಲಬ್ಧ ಅತಿ ದೊಡ್ಡದಾಗುವುದು ಒಳರೋಧ ಮತ್ತು ಲೋಡು ಸಮವಾದಾಗ.

ಆದರೆ ಆ ಹೊತ್ತಿನಲ್ಲಿ ಒಳಗೂ 5 ವ್ಯಾಟ್ ಬಿಸಿಯಾಗಿ ಹೋಗುತ್ತಿರುತ್ತದೆ. ಹತ್ತು ವ್ಯಾಟಿನಲ್ಲಿ ಅರ್ಧ ನಷ್ಟ! 20 ಓಮ್ ಲೋಡಿನಲ್ಲಿ ಸಿಕ್ಕಿದ್ದು 3.2 ವ್ಯಾಟ್ ಮಾತ್ರವಾದರೂ, ಮೂಲ ಕೊಟ್ಟ 4 ವ್ಯಾಟಿನಲ್ಲಿ ಅದು ಶೇಕಡಾ 80. ಅತಿ ಹೆಚ್ಚು ಶಕ್ತಿ ಬೇರೆ, ಅತಿ ಕಡಿಮೆ ನಷ್ಟ ಬೇರೆ. ಇವೆರಡನ್ನು ಒಂದೇ ಎಂದುಕೊಂಡು 19ನೇ ಶತಮಾನದ ಎಂಜಿನಿಯರುಗಳು ಬಹುಕಾಲ ಎಡವಿದರು. ನೀವಾ ನದಿಯಲ್ಲಿ ವಿದ್ಯುತ್ ದೋಣಿ ಓಡಿಸಿದ ಮೊರಿಟ್ಜ್ ಜಾಕೋಬಿಯ ಹೆಸರಿನಲ್ಲಿ ಈ ನಿಯಮ ಪ್ರಚಾರಕ್ಕೆ ಬಂದಾಗ, ಬ್ಯಾಟರಿಯಿಂದ ಮೋಟಾರಿಗೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಸಾಗಿಸುವುದು ಸಾಧ್ಯವೇ ಇಲ್ಲವೆಂದು ಹಲವರು ನಂಬಿದರು. ಎಡಿಸನ್ ಮತ್ತು ಅವನ ಗಣಿತಜ್ಞ ಸಹಾಯಕ ಫ್ರಾನ್ಸಿಸ್ ಅಪ್ಟನ್ ಪ್ರಶ್ನೆಯನ್ನೇ ತಿರುಗಿಸಿದರು. ಲೋಡು ಗೊತ್ತಿದ್ದು, ಮೂಲವನ್ನು ಕಟ್ಟುವುದು ನಮ್ಮ ಕೈಯಲ್ಲಿದ್ದರೆ ಒಳರೋಧವನ್ನು ಲೋಡಿಗೆ ಸಮ ಮಾಡುವುದೇಕೆ? ಆದಷ್ಟು ಸೊನ್ನೆಯತ್ತ ಇಳಿಸಬೇಕು. ಅವರ ಡೈನಮೊ ಕಡಿಮೆ ಒಳರೋಧದ್ದಾಗಿದ್ದಕ್ಕೆ ಇದೇ ಕಾರಣ. ನಮ್ಮ ಮನೆಗೆ ಬರುವ ವಿದ್ಯುತ್ ಜಾಲವೂ ಇದೇ ದಾರಿಯಲ್ಲಿ ನಡೆಯುತ್ತದೆ. ಅಲ್ಲಿ ಯಾರೂ ಅರ್ಧ ಶಕ್ತಿಯನ್ನು ತಂತಿಯಲ್ಲಿ ಸುಡಲು ಒಪ್ಪುವುದಿಲ್ಲ. ಲೋಡನ್ನು ಸಮ ಮಾಡುವ ನಿಯಮ ಉಪಯೋಗಕ್ಕೆ ಬರುವುದು ಮೂಲವನ್ನು ಬದಲಿಸಲಾಗದೆ, ಲೋಡನ್ನು ಮಾತ್ರ ಆರಿಸಿಕೊಳ್ಳಬಹುದಾದ ಕಡೆ.

ಎಸಿ ಕರೆಂಟಿಗೆ ಬಂದರೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಸುರುಳಿ ಸುತ್ತಿದ ಕಾಯಿಲ್ ಮತ್ತು ಕೆಪ್ಯಾಸಿಟರ್ ಶಕ್ತಿಯನ್ನು ಸುಡುವುದಿಲ್ಲ. ಪ್ರತಿ ಆವರ್ತದಲ್ಲೂ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ವಾಪಸು ಕೊಡುತ್ತವೆ. ಅವು ಕರೆಂಟಿಗೆ ಒಡ್ಡುವ ಈ ತಡೆಯೇ ರಿಯಾಕ್ಟೆನ್ಸ್. ಅದು ಕಾಯಿಲಿಗೆ ಧನ, ಕೆಪ್ಯಾಸಿಟರಿಗೆ ಋಣ. ರೋಧ ಮತ್ತು ರಿಯಾಕ್ಟೆನ್ಸ್ ಸೇರಿದರೆ ಇಂಪಿಡೆನ್ಸ್. ನಮ್ಮ 10 ವೋಲ್ಟಿನ ಮೂಲ ಈಗ 50 ಹರ್ಟ್ಸಿನ ಎಸಿ ಆಗಿದ್ದು, ಒಳಗೆ 5 ಓಮ್ ರೋಧದ ಜೊತೆ 12 ಓಮ್ ರಿಯಾಕ್ಟೆನ್ಸಿನ ಕಾಯಿಲೂ ಇದೆ ಎಂದುಕೊಳ್ಳೋಣ, ಅಂದರೆ 5 + j12. ಇದಕ್ಕೆ ಮೊದಲಿನಂತೆ ಬರೀ 5 ಓಮ್ ಹಾಕಿದರೆ 2 ವ್ಯಾಟ್ ಮಾತ್ರ ಸಿಗುತ್ತದೆ. ಬರೀ ರೋಧದಿಂದಲೇ ಸಾಧಿಸಬೇಕಾದರೆ ಒಳಗಿನ ಇಂಪಿಡೆನ್ಸಿನ ಒಟ್ಟು ಅಳತೆಯಾದ 13 ಓಮ್ ಹಾಕುವುದೇ ಉತ್ತಮ. ಆಗಲೂ ಬರುವುದು 2.8 ವ್ಯಾಟ್.

ಈಗ 5 ಓಮ್ ಲೋಡಿನ ಜೊತೆ ಸರಣಿಯಲ್ಲಿ 265 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಸೇರಿಸಿ. 50 ಹರ್ಟ್ಸಿನಲ್ಲಿ ಅದರ ರಿಯಾಕ್ಟೆನ್ಸ್ 12 ಓಮ್, ಆದರೆ ಋಣ. ಕಾಯಿಲ್ ಬಿಟ್ಟುಕೊಡುವ ಹೊತ್ತಿಗೆ ಕೆಪ್ಯಾಸಿಟರ್ ತುಂಬಿಕೊಳ್ಳುತ್ತದೆ, ಅದು ಬಿಟ್ಟಾಗ ಇದು ತುಂಬಿಕೊಳ್ಳುತ್ತದೆ. ಕರೆಂಟಿಗೆ ಅಡ್ಡ ಉಳಿಯುವುದು 5 ಮತ್ತು 5 ಓಮ್ ರೋಧ ಮಾತ್ರ. ಮತ್ತೆ 1 ಆಂಪಿಯರ್, ಮತ್ತೆ 5 ವ್ಯಾಟ್! ರೋಧಕ್ಕೆ ಅಷ್ಟೇ ರೋಧ, ರಿಯಾಕ್ಟೆನ್ಸಿಗೆ ಅಷ್ಟೇ ಅಳತೆಯ ವಿರುದ್ಧ ಚಿಹ್ನೆಯ ರಿಯಾಕ್ಟೆನ್ಸ್: ಕಾಂಜುಗೇಟ್ ಮ್ಯಾಚಿಂಗ್ ಎಂದರೆ ಇಷ್ಟೇ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕೆಪ್ಯಾಸಿಟರಿನ ಎರಡು ತುದಿಗಳ ನಡುವೆ ಈಗ ಮೀಟರ್ ಹಿಡಿದರೆ 12 ವೋಲ್ಟ್ ತೋರಿಸುತ್ತದೆ, ಮೂಲದ 10 ವೋಲ್ಟಿಗಿಂತ ಹೆಚ್ಚು. ರಿಯಾಕ್ಟೆನ್ಸ್ ರೋಧಕ್ಕಿಂತ ನೂರು ಪಟ್ಟು ಇದ್ದರೆ ಈ ವೋಲ್ಟೇಜು ಕಿಡಿ ಹಾರುವ ಮಟ್ಟಕ್ಕೂ ಹೋಗುತ್ತದೆ.

ಹೊಂದಿಕೆ ನಿಲ್ಲುವುದು ಒಂದೇ ಆವರ್ತಾಂಕದಲ್ಲಿ. ಇದೇ ಜೋಡಣೆಯನ್ನು 100 ಹರ್ಟ್ಸಿನಲ್ಲಿ ಓಡಿಸಿದರೆ ಕಾಯಿಲಿನ ರಿಯಾಕ್ಟೆನ್ಸ್ 24 ಓಮಿಗೆ ಏರಿ, ಕೆಪ್ಯಾಸಿಟರಿನದು 6ಕ್ಕೆ ಇಳಿದು, ಲೋಡಿಗೆ ಬರುವುದು 1.2 ವ್ಯಾಟ್ ಅಷ್ಟೆ.

ಇದೆಲ್ಲ ನಿಜವಾಗಿ ಪರೀಕ್ಷೆಗೆ ಬೀಳುವುದು ಹ್ಯಾಮ್ ರೇಡಿಯೊದವರು ಕಾರಿನ ಮೇಲೆ ನಿಲ್ಲಿಸುವ ಗಿಡ್ಡ ಆಂಟೆನಾದಲ್ಲಿ. 7.1 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು 42 ಮೀಟರ್. ಕಾರಿನ ಮೇಲಿನ ಕಡ್ಡಿ 2.4 ಮೀಟರ್. ಸಂದೇಶ ಕೇಳುವಾಗ ಈ ಕಡ್ಡಿಯೇ ಮೂಲ, ಕಳುಹಿಸುವಾಗ ಅದೇ ಲೋಡು. ಇಂಪಿಡೆನ್ಸ್ ಎರಡಕ್ಕೂ ಒಂದೇ. ಇಷ್ಟು ಗಿಡ್ಡ ಕಡ್ಡಿ ಕೆಪ್ಯಾಸಿಟರಿನಂತೆ ವರ್ತಿಸುತ್ತದೆ: ರಿಯಾಕ್ಟೆನ್ಸ್ ಋಣ 800 ಓಮಿನ ಆಸುಪಾಸು. ಅಲೆಯಾಗಿ ಹೊರಹೋಗುವ ಶಕ್ತಿಯನ್ನು ಪ್ರತಿನಿಧಿಸುವ ರೋಧ ಬರೀ 1.3 ಓಮ್. ಆ 800 ಓಮನ್ನು ಅಳಿಸಲು 18 ಮೈಕ್ರೋಹೆನ್ರಿಯ ಕಾಯಿಲ್ ಸೇರಿಸುತ್ತಾರೆ. ಒಳ್ಳೆಯ ಕಾಯಿಲಿಗೂ ತನ್ನದೇ ರೋಧ 4 ಓಮ್ ಇರಬಹುದು. ಕಾರಿನ ಮೈ ಮತ್ತು ಕೆಳಗಿನ ನೆಲದಲ್ಲಿ ಇನ್ನು 8 ಓಮ್ ಹೋಗುತ್ತದೆ ಎನ್ನೋಣ. ಒಟ್ಟು 13.3 ಓಮ್. ಇದನ್ನು ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ 50 ಓಮಿಗೆ ಏರಿಸಿದರೆ ಟ್ರಾನ್ಸ್‌ಮಿಟರು ಸಂತೃಪ್ತ. ಎಸ್‌ಡಬ್ಲ್ಯುಆರ್ ಮೀಟರ್ 1 ತೋರಿಸುತ್ತದೆ, ಹೊಂದಿಕೆ ಪರಿಪೂರ್ಣ. ಆದರೆ 100 ವ್ಯಾಟ್ ಕೊಟ್ಟರೆ ಆಕಾಶಕ್ಕೆ ಹೋಗುವುದು ಹತ್ತು ವ್ಯಾಟಿಗಿಂತ ತುಸು ಕಡಿಮೆ. ಮಿಕ್ಕದ್ದು ಕಾಯಿಲಿನಲ್ಲಿ, ನೆಲದಲ್ಲಿ ಬಿಸಿ. ಲೋಡಿಗೆ ಶಕ್ತಿ ತಲುಪಿತೇ ಎಂಬುದಕ್ಕಷ್ಟೇ ಮ್ಯಾಚಿಂಗ್ ಉತ್ತರ ಕೊಡುತ್ತದೆ. ಲೋಡಿನ ಒಳಗೆ ಅದು ಯಾವ ರೋಧದ ಪಾಲಾಯಿತು ಎಂಬುದು ಅದಕ್ಕೆ ತಿಳಿಯದು.

ಹಾಗಾಗಿ ಮೀಟರ್ ಒಂದನ್ನೇ ನಂಬುವವರು ಇಲ್ಲಿ ಮೋಸಹೋಗುತ್ತಾರೆ. ಬಾಗಿಲು, ಬಾನೆಟ್, ಚಾಸಿಗಳನ್ನು ದಪ್ಪ ತಾಮ್ರದ ಪಟ್ಟಿಯಿಂದ ಒಂದಕ್ಕೊಂದು ಕಟ್ಟಿ ನೆಲದ ನಷ್ಟವನ್ನು 8 ಓಮಿನಿಂದ 3ಕ್ಕೆ ಇಳಿಸಿದರು ಎಂದಿಟ್ಟುಕೊಳ್ಳಿ. ಒಟ್ಟು ರೋಧ 8.3 ಓಮ್ ಆಗುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರಿಗೆ ಅದು ಹೊಂದುವುದಿಲ್ಲ, ಮೀಟರ್ 1ರಿಂದ 1.6ಕ್ಕೆ ಏರುತ್ತದೆ. ಕೆಲಸ ಕೆಟ್ಟಿತೆಂದು ಪಟ್ಟಿ ಬಿಚ್ಚುವವರಿದ್ದಾರೆ. ನಿಜದಲ್ಲಿ ಈ ಹೊಂದದ ಸ್ಥಿತಿಯಲ್ಲೇ ಸುಮಾರು 15 ವ್ಯಾಟ್ ಅಲೆಯಾಗಿ ಹೊರಟಿರುತ್ತದೆ, ಮೊದಲಿನದರ ಒಂದೂವರೆ ಪಟ್ಟು. ಟ್ರಾನ್ಸ್‌ಫಾರ್ಮರಿನ ಸುತ್ತುಗಳನ್ನು ಹೊಸ ರೋಧಕ್ಕೆ ತಕ್ಕಂತೆ ತಿದ್ದಿಕೊಂಡರೆ ಮೀಟರೂ 1ಕ್ಕೆ ಮರಳುತ್ತದೆ, ಇನ್ನೂ ಸುಮಾರು ಒಂದು ವ್ಯಾಟ್ ಸೇರಿಕೊಳ್ಳುತ್ತದೆ.