ಸೆರಗಿನ ಪಟ್ಟಿ ಎಣಿಸಿ ನೋಡಿ

ಮಕ್ಕಳೇ, ನಿಮ್ಮ ಅಜ್ಜಿಯ ಹತ್ತಿರ ಇಳಕಲ್ ಸೀರೆ ಇದ್ದರೆ ಒಮ್ಮೆ ಕೇಳಿ ತೆಗೆಸಿ, ಸೆರಗು ಬಿಡಿಸಿ ನೋಡಿ. ಸಾಂಪ್ರದಾಯಿಕ ಸೆರಗಿನಲ್ಲಿ ಸಾಮಾನ್ಯವಾಗಿ ಮೂರು ಕೆಂಪು ಪಟ್ಟಿಗಳಿರುತ್ತವೆ, ಅವುಗಳ ನಡುವೆ ಎರಡು ಬಿಳಿ ಪಟ್ಟಿಗಳು. ಕೆಂಪು ಬಿಳಿ ಕೂಡುವ ಕಡೆ ಜೋಳದ ತೆನೆಯಂತೆ, ಬಾಚಣಿಗೆಯ ಹಲ್ಲಿನಂತೆ, ಕೋಟೆಯ ತೆನೆಯಂತೆ ಕಾಣುವ ಚಿತ್ತಾರ. ಇದಕ್ಕೆ ಟೋಪು ತೆನಿ ಸೆರಗು ಎನ್ನುತ್ತಾರೆ.

ಇನ್ನೊಂದು ವಿಶೇಷವಿದೆ. ಸೀರೆಯ ಮೈಗೆ ಹಾಸಿದ ಎಳೆ ಬೇರೆ, ಸೆರಗಿಗೆ ಹಾಸಿದ ಎಳೆ ಬೇರೆ. ಮೈ ಹತ್ತಿಯದಾಗಿದ್ದರೆ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುತ್ತದೆ. ಒಂದು ಎಳೆಯ ಕುಣಿಕೆಯೊಳಗೆ ಇನ್ನೊಂದು ಎಳೆಯ ಕುಣಿಕೆ ತೂರಿಸಿ ಎರಡನ್ನೂ ಜೋಡಿಸುತ್ತಾರೆ. ಈ ಜೋಡಣೆಗೆ ನೇಕಾರರು ಇಟ್ಟ ಹೆಸರು ಕೊಂಡಿ. ಹೀಗಾಗಿ ಪ್ರತಿ ಸೀರೆಗೂ ಬೇರೆಯಾಗಿಯೇ ಹಾಸು ಸಿದ್ಧಪಡಿಸಬೇಕು. ಅಂಚಿಗೂ ಸೆರಗಿಗೂ ಸಾಮಾನ್ಯವಾಗಿ ಒಂದೇ ಬಣ್ಣ.

ಇಷ್ಟು ತಿಳಿದವರಿಗೆ ಸುಳ್ಳು ಚಿತ್ರ ಹಿಡಿಯುವುದು ಸುಲಭ. ನನ್ನ ತಂಗಿಯ ಮಗನ ಅಂಗಡಿಯಲ್ಲಿ ಇದು ನನಗೆ ಮನದಟ್ಟಾಯಿತು.

ಬಾಗಲಕೋಟೆ ಜಿಲ್ಲೆಯಲ್ಲಿ ಅವನದೊಂದು ಸಣ್ಣ ಸೀರೆ ಅಂಗಡಿ. ಬಂದ ಸೀರೆಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕುತ್ತಾನೆ, ಆರ್ಡರ್ ಬಂದರೆ ಕೊರಿಯರ್ ಮಾಡುತ್ತಾನೆ. ಮಡಚಿಟ್ಟ ಸೀರೆಯ ಫೋಟೊ ಎಷ್ಟಾದರೂ ಸಪ್ಪೆ. ಕಳೆದ ವರ್ಷ ಯಾರೋ ಒಂದು ಆ್ಯಪ್ ತೋರಿಸಿಕೊಟ್ಟರು. ಮಡಚಿದ ಸೀರೆಯ ಒಂದು ಫೋಟೊ ಕೊಟ್ಟರೆ ಸಾಕು, ಕೃತಕ ಬುದ್ಧಿಮತ್ತೆಯಿಂದ ಅದೇ ಸೀರೆ ಉಟ್ಟು ನಿಂತ ಚೆಲುವೆಯ ಚಿತ್ರ ಒಂದೇ ನಿಮಿಷದಲ್ಲಿ ಬರುತ್ತದೆ. ಹಿಂದೆ ಗುಡಿಯ ಕಂಬ, ಮೇಲೆ ಸಂಜೆ ಬಿಸಿಲು. ಮೊದಲು ವಾರಕ್ಕೆ ನಾಲ್ಕು ಸೀರೆ ಹೋಗುತ್ತಿದ್ದವು, ಆ ವಾರ ಹನ್ನೆರಡು ಆರ್ಡರ್ ಬಂದವು.

ಮುಂದಿನ ವಾರ ಐದು ಸೀರೆ ವಾಪಸ್ ಬಂದವು. ಅದರಲ್ಲಿ ಒಂದು ದಾವಣಗೆರೆಯ ಹಿರಿಯರೊಬ್ಬರದು. ಮೊಮ್ಮಗಳ ಸೀಮಂತಕ್ಕೆಂದು ತರಿಸಿಕೊಂಡಿದ್ದರಂತೆ. ಫೋನಿನಲ್ಲಿ ಅವರು ಜಗಳವಾಡಲಿಲ್ಲ. "ಸೀರಿ ಚಲೋ ಐತಿ ತಮ್ಮಾ, ಆದ್ರ ನಾ ಕೇಳಿದ್ದು ಇದಲ್ಲ" ಎಂದರು, ಅಷ್ಟೆ.

ನಾನು ಚಿತ್ರವನ್ನೂ ಸೀರೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಸೀರೆಯ ಮೈಯಲ್ಲಿ ಸಣ್ಣ ಚೌಕಳಿ, ಚಿತ್ರದಲ್ಲಿ ಅದರ ಎರಡರಷ್ಟು ದೊಡ್ಡದು. ಸೀರೆಯ ಅಂಚು ಕೃತಕ ರೇಷ್ಮೆಯದು, ಮೂರು ಬೆರಳಗಲ. ಚಿತ್ರದಲ್ಲಿ ಅದು ಅಂಗೈ ಅಗಲವಾಗಿ, ಜರಿಯಂತೆ ಹೊಳೆಯುತ್ತಿತ್ತು. ಸೆರಗಿನಲ್ಲಿ ಮೂರು ಕೆಂಪು ಪಟ್ಟಿ ಇರಬೇಕಾದಲ್ಲಿ ಐದಿದ್ದವು. ತೆನೆಯ ಚಿತ್ತಾರದ ಜಾಗದಲ್ಲಿ ಮಾವಿನಕಾಯಿಯೂ ಅಲ್ಲ, ಎಲೆಯೂ ಅಲ್ಲ, ಅಂಥದೇನೋ ಒಂದು ಇತ್ತು. ಹಸಿರು ಮೈಯ ಎಳೆಗಳು ಕೊಂಡಿಯೇ ಇಲ್ಲದೆ ಮೆಲ್ಲಗೆ ಕೆಂಪಾಗುತ್ತ ಸೆರಗಿನೊಳಗೆ ಕರಗಿಹೋಗಿದ್ದವು.

ಹೀಗೇಕಾಯಿತು? ಕ್ಯಾಮೆರಾ ಎದುರಿಗಿದ್ದ ಬಟ್ಟೆಯಿಂದ ಬಂದ ಬೆಳಕನ್ನು ಹಿಡಿಯುತ್ತದೆ. ಬಣ್ಣ ತುಸು ಹೆಚ್ಚುಕಡಿಮೆ ಆಗಬಹುದು, ಆದರೆ ಇಲ್ಲದ ಪಟ್ಟಿಯನ್ನು ಅದು ತರುವುದಿಲ್ಲ. ಈ ಆ್ಯಪ್ ಹಾಗಲ್ಲ. ಅದು ಲಕ್ಷಗಟ್ಟಲೆ ಚಿತ್ರಗಳಿಂದ ಕಲಿತಿದೆ, 'ಸೀರೆ ಉಟ್ಟರೆ ಹೀಗೆ ಕಾಣಬಹುದು' ಎಂದು ಊಹಿಸಿ ಹೊಸದಾಗಿ ಬಿಡಿಸುತ್ತದೆ. ಮಡಚಿದ ಸೀರೆಯಲ್ಲಿ ಕಾಣುವುದು ಒಂದಿಷ್ಟು ಮೈ, ಒಂದಿಷ್ಟು ಅಂಚು. ಒಳಗೆ ಮಡಚಿಕೊಂಡ ಸೆರಗು ಅದಕ್ಕೆ ಕಾಣುವುದೇ ಇಲ್ಲ. ಕಾಣದ್ದನ್ನು ತಾನು ಕಂಡ ಬೇರೆ ಸೀರೆಗಳ ನೆನಪಿನಿಂದ ತುಂಬುತ್ತದೆ. ಕೊಂಡಿ ಎಂದರೇನೆಂದು ಅದಕ್ಕೆ ಗೊತ್ತಿಲ್ಲ, ಎಳೆ ಎಣಿಸುವುದೂ ಇಲ್ಲ.

ಮಗ ನನ್ನ ಮಾತು ಸುಲಭವಾಗಿ ಒಪ್ಪಲಿಲ್ಲ. "ದೊಡ್ಡವ್ವಾ, ಅಂಗಡ್ಯಾಗ ಗೊಂಬಿಗೆ ಸೀರಿ ಉಡಸ್ತೀವಿ, ಮ್ಯಾಲ ಲೈಟ್ ಹಾಕ್ತೀವಿ. ಅದೂ ಮೋಸ ಏನು?" ಎಂದ. ಪ್ರಶ್ನೆ ನ್ಯಾಯವಾದದ್ದೇ. ನಾನು ಹೇಳಿದೆ: "ಗೊಂಬಿ ಸುಳ್ಳಿರಬಹುದು, ಅದರ ಮೈಮ್ಯಾಲಿನ ಸೀರಿ ಖರೇನ ಐತಿ. ಗಿರಾಕಿ ಕೈ ಮುಟ್ಟಿ ನೋಡ್ತಾರ. ನಿನ್ನ ಚಿತ್ರದಾಗ ಸೀರಿನ ಸುಳ್ಳು."

ಚಿತ್ರದ ಕೆಳಗೆ 'ಬಣ್ಣದಲ್ಲಿ ಅಲ್ಪ ವ್ಯತ್ಯಾಸ ಇರಬಹುದು' ಎಂದು ಬರೆದಿದ್ದೇನಲ್ಲ ಎಂದ. ಆದರೆ ಬದಲಾಗಿದ್ದು ಬಣ್ಣವೊಂದೇ ಅಲ್ಲ. ಚೌಕಳಿ, ಅಂಚು, ಸೆರಗು ಎಲ್ಲವೂ ಬದಲಾಗಿದ್ದವು. ಆ ಸಾಲು ಇದಕ್ಕೆ ರಕ್ಷಣೆಯಾಗದು.

ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಮಕ್ಕಳೇ, ನೀವೂ ಹಾಕಿ. ಒಂದು ಸೀರೆಗೆ ಅವನಿಗೆ ಉಳಿಯುವುದು 250 ರೂಪಾಯಿ. ಹನ್ನೆರಡರಲ್ಲಿ ನಿಂತದ್ದು ಏಳು, ಅಂದರೆ 1,750 ರೂಪಾಯಿ. ವಾಪಸಾದ ಐದಕ್ಕೆ ಹೋಗಿಬರುವ ಕೊರಿಯರ್ ತಲಾ 160, ಒಟ್ಟು 800. ಕೈಗೆ ಉಳಿದದ್ದು 950. ಮೊದಲು ನಾಲ್ಕೇ ಸೀರೆ ಮಾರಿದಾಗ ಉಳಿಯುತ್ತಿದ್ದದ್ದು 1,000! ಸೀಮಂತಕ್ಕೆ ಸೀರೆ ಸಿಗದ ಹಿರಿಯರ ಬೇಸರಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಇನ್ನೊಬ್ಬ ಗಿರಾಕಿ ಆ ಚಿತ್ರವನ್ನೇ ನೇಕಾರರಿಗೆ ತೋರಿಸಿ "ಇಂಥದ್ದೇ ನೇಯ್ದುಕೊಡಿ" ಎಂದಿದ್ದರಂತೆ. ಆಗುವುದಿಲ್ಲ ಎಂದ ನೇಕಾರರಿಗೇ ಕೆಲಸ ಬಾರದು ಎಂಬ ಮಾತು ಬಂತು.

ಕೊನೆಗೆ ಅವನು ಒಂದು ಕಟ್ಟುಪಾಡು ಮಾಡಿಕೊಂಡ. ಸೀರೆಯ ಸುತ್ತಲಿನದನ್ನು ಅಲಂಕರಿಸಬಹುದು, ಸೀರೆಯನ್ನು ಮುಟ್ಟಬಾರದು. ಹಬ್ಬದ ಶುಭಾಶಯಕ್ಕೆ ಆ್ಯಪ್‌ನ ಚಿತ್ರ ಬಳಸಿದರೆ 'ಇದು ಕಂಪ್ಯೂಟರ್ ರಚಿಸಿದ ಚಿತ್ರ, ಮಾರಾಟದ ಸೀರೆಯಲ್ಲ' ಎಂದು ದೊಡ್ಡದಾಗಿ ಬರೆಯುತ್ತಾನೆ. ಮಾರುವ ಸೀರೆಗೆ ಬೆಳಗಿನ ಹೊತ್ತು ಪಡಸಾಲೆಯ ನೆರಳಲ್ಲಿ ನಾಲ್ಕು ಫೋಟೊ ತೆಗೆಯುತ್ತಾನೆ. ಹೆಂಡತಿ ಉಟ್ಟು ನಿಂತದ್ದೊಂದು, ಪೂರ್ತಿ ಬಿಡಿಸಿದ ಸೆರಗು ಒಂದು, ಕೊಂಡಿ ಕಾಣುವಂತೆ ಹಿಂಬದಿಯದೊಂದು, ಅಂಚಿನ ಪಕ್ಕ ಅಳತೆಪಟ್ಟಿ ಇಟ್ಟದ್ದೊಂದು. ಕೆಳಗೆ 'ಮೈ ಹತ್ತಿ, ಸೆರಗು ಮತ್ತು ಅಂಚು ಕೃತಕ ರೇಷ್ಮೆ' ಎಂದು ನೇರವಾಗಿ ಬರೆಯುತ್ತಾನೆ. ಒಂದು ಸೀರೆಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಹನ್ನೆರಡು ಆರ್ಡರ್ ಈಗ ಬರುವುದಿಲ್ಲ, ವಾರಕ್ಕೆ ಐದೋ ಆರೋ. ವಾಪಸ್ ಬರುವುದು ಅಪರೂಪ.

ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಸ್ತುವನ್ನು ಸುಳ್ಳಾಗಿ ಬಣ್ಣಿಸುವ ಜಾಹೀರಾತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ತಪ್ಪುದಾರಿಗೆಳೆಯುವ ಜಾಹೀರಾತು' ಎಂದು ಕರೆಯುತ್ತದೆ. ಅಂಗಡಿಯವರು ಮಾತು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೆ ಚಿತ್ರ, ಬಿಲ್ಲು ಮತ್ತು ಬಂದ ಸೀರೆ ಮೂರನ್ನೂ ಇಟ್ಟುಕೊಂಡಿರಬೇಕು.

ಅದಕ್ಕಿಂತ ಮೊದಲೇ ಮಾಡಬಹುದಾದ ಕೆಲಸ ಮೊಮ್ಮಕ್ಕಳದು. ಅಜ್ಜಿ ಫೋನಿನಲ್ಲಿ ಸೀರೆ ಮೆಚ್ಚಿದಾಗ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ನೆರಿಗೆಯಿಂದ ನೆರಿಗೆಗೆ ಚೌಕಳಿಯ ಗಾತ್ರ ಬದಲಾಗಿದೆಯೇ? ಅಂಚಿನ ಚಿತ್ತಾರ ಒಂದೆಡೆ ಒಂದು ಥರ, ಇನ್ನೊಂದೆಡೆ ಮತ್ತೊಂದು ಥರ ಇದೆಯೇ? ಸೆರಗಿನ ಪಟ್ಟಿ ಎಷ್ಟು? ಅನುಮಾನ ಬಂದರೆ ಅಂಗಡಿಯವರಿಗೆ ಬರೆಯಿರಿ: "ಅಣ್ಣಾ, ಸೆರಗು ಬಿಡಿಸಿ, ಹಿಂದೆ ಮುಂದೆ ತಿರುಗಿಸಿ, ಹಗಲು ಬೆಳಕಲ್ಲಿ ಒಂದು ಸಣ್ಣ ವಿಡಿಯೊ ಕಳಿಸ್ತೀರಾ?" ಸೀರೆ ಅಂಗಡಿಯಲ್ಲಿ ಇದ್ದರೆ ಅದಕ್ಕೆ ಅರ್ಧ ನಿಮಿಷ ಸಾಕು. ಏನೇನೋ ನೆಪ ಹೇಳಿ ವಿಡಿಯೊ ಕಳಿಸದಿದ್ದರೆ ಆ ಸೀರೆ ಬಿಟ್ಟು ಬೇರೆ ನೋಡಿ.